ಉಪ್ಪಿನ ಚೀಲ

ಹೊಳೆ ಇಳಿದ ಮೂರನೇ ದಿನ ಅಪ್ಪನೂ ನಾನೂ ಅಂಗಡಿ ಬಾಗಿಲು ತೆಗೆದೆವು. 2009ರ ಅಕ್ಟೋಬರ್. ಸಿರುಗುಪ್ಪ ಸೀಮೆಯ ನಮ್ಮೂರಿಗೆ ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ಹಗರಿ. ಆ ಸಲ ಎರಡೂ ಒಟ್ಟಿಗೆ ತುಂಬಿ ಬಂದಿದ್ದವು.

ಜೋಳದ ಚೀಲ ಉಬ್ಬಿ ಮೊಳಕೆ ಒಡೆದಿತ್ತು. ಬೆಲ್ಲದ ಪೆಂಟಿ ಇದ್ದ ಜಾಗದಲ್ಲಿ ಬರೀ ಗೋಣಿತಟ್ಟು. ಉಪ್ಪಿನ ಚೀಲದ ಬಾಯಿಗೆ ಕಟ್ಟಿದ್ದ ಸುತಳಿ ಹಾಗೇ ಇತ್ತು, ನಾನೇ ಕಟ್ಟಿದ ಗಂಟು. ಒಳಗೆ ಮಾತ್ರ ಏನೂ ಇರಲಿಲ್ಲ. ಅಪ್ಪ ಅದನ್ನು ಎತ್ತಿ ನೋಡಿ, ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಹೋಗಿಬಿಟ್ಟ. ಉದ್ರಿ ಪುಸ್ತಕದ ಬಗ್ಗೆ ನಾನೂ ಕೇಳಲಿಲ್ಲ.

ತಗಡಿನ ಶೆಡ್ಡಿಗೆ ಬಂದ ಮೇಲೆ ಅಪ್ಪ ಮಾತು ಕಡಿಮೆ ಮಾಡಿದ. ನನಗೆ ನಿದ್ದೆ ಬರುತ್ತಿರಲಿಲ್ಲ. ಯಾರಾದರೂ ಕೊಡ ತುಂಬಿಸಿದರೆ ಸಾಕು, ಆ ಸಪ್ಪಳಕ್ಕೆ ಎದ್ದು ಕೂತು ನೆಲ ಮುಟ್ಟಿ ನೋಡುತ್ತಿದ್ದೆ, ಒಣಗಿದೆಯೋ ಇಲ್ಲವೋ ಅಂತ. ಹದಿನೇಳು ವರ್ಷದ ಹುಡುಗಿ ಇದನ್ನು ಯಾರ ಮುಂದೆ ಹೇಳಬೇಕು?

ಅವ್ವ ಸಂಘದಿಂದ ಐನೂರು ರೂಪಾಯಿ ತಂದಳು. ಚಹಾಪುಡಿ, ಸೋಪು, ಬೆಂಕಿಪೊಟ್ಟಣ ಒಂದು ಪರಾತದಲ್ಲಿ ಜೋಡಿಸಿ ಶೆಡ್ಡಿನ ಮುಂದೆ ಕೂತೆ. ಒಂದು ರಾತ್ರಿ ಹನ್ನೊಂದರ ಮೇಲೆ ಹನುಮಕ್ಕಜ್ಜಿ ಬಂದಳು.

"ಕಡ್ಡಿಪೆಟ್ಟಿಗಿ ಐತೇನವ್ವ?"

"ಇಷ್ಟೊತ್ತಿನ್ಯಾಗ ಯಾಕಜ್ಜಿ?"

"ದೀಪ ಆರಿದ್ರ ನೀರು ಬಂದಂಗ ಅನಿಸ್ತೈತಿ."

ನನ್ನ ಗಂಟಲು ಕಟ್ಟಿತು. ಆಮೇಲೆ ನೋಡಿದೆ: ಸಾಲಿನಲ್ಲಿ ಆರೇಳು ಶೆಡ್ಡುಗಳಲ್ಲಿ ಬೆಳಕಿತ್ತು. ನಾನೊಬ್ಬಳೇ ಎಚ್ಚರ ಇದ್ದೇನೆ ಅಂದುಕೊಂಡಿದ್ದೆನಲ್ಲ!

ಮರುದಿನದಿಂದ ಕಂದೀಲು ಹಚ್ಚಿ ಹನ್ನೆರಡರ ತನಕ ಕೂತೆ. ಒಬ್ಬರು ಒಂದು ರೂಪಾಯಿ ಅಡಿಕೆಗೆ ಬಂದರೆ ತಾಸು ಕೂತು ಹೋಗುತ್ತಿದ್ದರು. ಎತ್ತು ಕಳಕೊಂಡವರು, ಗದ್ದೆಯಲ್ಲಿ ಮರಳು ತುಂಬಿಸಿಕೊಂಡವರು. ಮೊದಲು ಗಿರಾಕಿ ಅಂದರೆ ನನಗೆ ಕೈಯಲ್ಲಿನ ಚೀಲ, ಬಾಕಿಯ ಲೆಕ್ಕ, ಅಷ್ಟೇ. ಯಾರ ಮನೆಯಲ್ಲಿ ಯಾರಿಗೆ ಯಾವ ಸಂಕಟ ಅಂತ ಆ ಚಳಿಗಾಲದಲ್ಲಿ ತಿಳಿಯಿತು. ನನ್ನ ನೆಲ ಮುಟ್ಟುವ ಚಟವನ್ನೂ ಹೇಳಿಕೊಂಡೆ. ಯಾರೂ ನಗಲಿಲ್ಲ. ಹನುಮಕ್ಕಜ್ಜಿ ತಾನೂ ಮುಟ್ಟಿ ನೋಡುತ್ತೇನೆ ಅಂದಳು.

ಸಂಕ್ರಾಂತಿ ಹೊತ್ತಿಗೆ ಅಪ್ಪ ಒಂದು ರಾತ್ರಿ ಬಂದು ಪಕ್ಕದಲ್ಲಿ ಕೂತ. ಕಂದೀಲಿನ ಬತ್ತಿ ಏರಿಸಿದ. ಹೊಸ ಉದ್ರಿ ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟ. "ನಿನ್ನ ಅಕ್ಷರ ಚಂದ ಅದಾವು, ನೀನ ಬರಿ."

ಮುಂದಿನ ಮಳೆಗಾಲದಲ್ಲಿ ಡ್ಯಾಮಿನಿಂದ ನೀರು ಬಿಡುತ್ತಾರೆ ಅಂತ ಡಂಗುರ ಸಾರಿದರು. ಎದೆ ಢವಢವ ಅಂದಿತು, ಸುಳ್ಳು ಹೇಳುವುದಿಲ್ಲ. ಉಪ್ಪಿನ ಚೀಲವನ್ನು ಅಟ್ಟಕ್ಕೆ ಏರಿಸಿದೆ. ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿದೆ. ಆಮೇಲೆ ಕಂದೀಲು ಹಿಡಿದು ಹನುಮಕ್ಕಜ್ಜಿಯ ಬಾಗಿಲು ಬಡಿದೆ.

"ಏಳಜ್ಜಿ, ನಾ ಇದೀನಿ."