ಮೊದಲ ಸಲ ರಿಟರ್ನ್ ಸಲ್ಲಿಸುವ ಸಂಬಳದಾರರಿಗೆ: ಅಸೆಸ್‌ಮೆಂಟ್ ವರ್ಷ 2025-26

ಈ ಮಾರ್ಗದರ್ಶಿ 1 ಏಪ್ರಿಲ್ 2024ರಿಂದ 31 ಮಾರ್ಚ್ 2025ರವರೆಗೆ ಬಂದ ಆದಾಯಕ್ಕೆ ಸಂಬಂಧಿಸಿದ್ದು. ದುಡಿದ ವರ್ಷ 2024-25. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಆರಿಸಬೇಕಾದ ಅಸೆಸ್‌ಮೆಂಟ್ ವರ್ಷ 2025-26. ಇಲ್ಲಿ ಬರುವ ಸೆಕ್ಷನ್‌ಗಳೆಲ್ಲ ಆದಾಯ ತೆರಿಗೆ ಕಾಯ್ದೆ, 1961ರವು. ಇಂಗ್ಲಿಷ್ ಮೂಲದ ಸಂಖ್ಯೆಗಳನ್ನು ಹಾಗೆಯೇ ಉಳಿಸಿದ್ದೇವೆ, ಏಕೆಂದರೆ ನಾಳೆ ನೋಟಿಸ್ ಬಂದರೆ ಅದರಲ್ಲಿರುವುದೂ ಇದೇ ಸಂಖ್ಯೆ.

ಸೆಕ್ಷನ್ 139(1)ರ ಕಡೇ ದಿನ 31 ಜುಲೈ 2025 ಇತ್ತು. ಕೇಂದ್ರ ನೇರ ತೆರಿಗೆ ಮಂಡಳಿ ಅದನ್ನು ಮೊದಲು 15 ಸೆಪ್ಟೆಂಬರ್‌ಗೆ, ಕೊನೆಗೆ 16 ಸೆಪ್ಟೆಂಬರ್ 2025ಕ್ಕೆ ಮುಂದೂಡಿತು. ತೆರಿಗೆ ಸೊನ್ನೆ ಬರುತ್ತದೆ, ರಿಟರ್ನ್ ಯಾಕೆ ಎಂದು ಬಿಡಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿ ಒಟ್ಟು ಆದಾಯ 3 ಲಕ್ಷ ದಾಟಿದರೆ ಸಲ್ಲಿಸಲೇಬೇಕು. ಸೆಕ್ಷನ್ 87ಎ ರಿಬೇಟು ತೆರಿಗೆಯನ್ನಷ್ಟೇ ಕಳೆಯುತ್ತದೆ, ರಿಟರ್ನ್ ಸಲ್ಲಿಸುವ ಹೊಣೆಯನ್ನಲ್ಲ.

ಕೈಯಲ್ಲಿರಬೇಕಾದವು: ಕಂಪನಿ ಕೊಟ್ಟ ಫಾರಂ 16, ಪೋರ್ಟಲ್‌ನಿಂದ ಇಳಿಸಿಕೊಂಡ ಫಾರಂ 26ಎಎಸ್ ಮತ್ತು ವಾರ್ಷಿಕ ಮಾಹಿತಿ ಪಟ್ಟಿ (AIS), ಬ್ಯಾಂಕಿನ ಬಡ್ಡಿ ವಿವರ. ಫಾರಂ 16ರ ಟಿಡಿಎಸ್‌ಗೂ 26ಎಎಸ್‌ನ ಟಿಡಿಎಸ್‌ಗೂ ತಾಳೆಯಾಗದಿದ್ದರೆ ಮೊದಲು ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಬರೆದು ಸರಿಪಡಿಸಿಕೊಳ್ಳಿ. ಆಮೇಲೆ ಸಲ್ಲಿಸಿ.

ಸಂಬಳ, ಒಂದು ಮನೆ, ಬಡ್ಡಿ ಇಷ್ಟೇ ಇದ್ದು ಒಟ್ಟು ಆದಾಯ 50 ಲಕ್ಷದೊಳಗಿದ್ದರೆ ಐಟಿಆರ್-1 ಸಾಕು. ಷೇರು, ಈಕ್ವಿಟಿ ಫಂಡ್ ಮಾರಿ ಬಂದ ಸೆಕ್ಷನ್ 112ಎ ಅಡಿಯ ದೀರ್ಘಾವಧಿ ಲಾಭ 1.25 ಲಕ್ಷದವರೆಗಿದ್ದರೂ ನಡೆಯುತ್ತದೆ. ಷೇರನ್ನು ವರ್ಷದೊಳಗೆ ಮಾರಿ ಲಾಭ ಮಾಡಿಕೊಂಡವರಿಗೆ ಐಟಿಆರ್-2 ಬೇಕು.

ಪದ್ಧತಿಯ ಪ್ರಶ್ನೆಯನ್ನು ನಿಧಾನವಾಗಿ ಓದಿ. ಸೆಕ್ಷನ್ 115ಬಿಎಸಿ(6)ರ ಅಡಿ ಹೊಸ ಪದ್ಧತಿಯಿಂದ ಹೊರಬರುತ್ತೀರಾ ಎಂದು ಫಾರಂ ಕೇಳುತ್ತದೆ. "No" ಅಂದರೆ ಹೊಸದು, "Yes" ಅಂದರೆ ಹಳೆಯದು. ಉಳಿತಾಯ ಹೂಡಿಕೆಯ ಸೆಕ್ಷನ್ 80ಸಿ, ಆರೋಗ್ಯ ವಿಮೆಯ 80ಡಿ, ಮನೆಬಾಡಿಗೆ ಭತ್ಯೆಯ 10(13ಎ), ವೃತ್ತಿ ತೆರಿಗೆಯ 16(iii) ಇವೆಲ್ಲ ಹಳೆಯದರಲ್ಲಿ ಮಾತ್ರ ಸಿಗುತ್ತವೆ. ಸೆಕ್ಷನ್ 16(ia)ರ ಸ್ಟ್ಯಾಂಡರ್ಡ್ ಡಿಡಕ್ಷನ್ ಹೊಸದರಲ್ಲಿ 75,000 ರೂಪಾಯಿ, ಹಳೆಯದರಲ್ಲಿ 50,000.

ಮಧ್ಯದಲ್ಲಿ ಕೆಲಸ ಬದಲಿಸಿದವರೇ ಹೆಚ್ಚು ಎಡವುವುದು. ಒಂದು ಲೆಕ್ಕ ನೋಡಿ. ಸೆಪ್ಟೆಂಬರ್‌ವರೆಗೆ ಮೊದಲ ಕಂಪನಿಯಲ್ಲಿ 3,60,000, ಅಕ್ಟೋಬರ್‌ನಿಂದ ಎರಡನೆಯದರಲ್ಲಿ 4,80,000, ಉಳಿತಾಯ ಖಾತೆಯ ಬಡ್ಡಿ 4,000. ಹೊಸ ಕಂಪನಿಗೆ ಹಳೆಯ ಸಂಬಳದ ವಿವರ, ಅಂದರೆ ಫಾರಂ 12ಬಿ, ಕೊಟ್ಟಿರಲಿಲ್ಲ. ಹಾಗಾಗಿ ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ 75,000 ಕಳೆದು, ರಿಬೇಟು ಕೊಟ್ಟು, ಟಿಡಿಎಸ್ ಸೊನ್ನೆ ಮಾಡಿದರು. ಎರಡೂ ಫಾರಂ 16ರ ಕೊನೆಯ ಮೊತ್ತಗಳನ್ನು ಕೂಡಿದರೆ 2,85,000 ಮತ್ತು 4,05,000, ಬಡ್ಡಿ ಸೇರಿ 6,94,000. ರಿಬೇಟಿನ ಮಿತಿಯಾದ 7 ಲಕ್ಷದೊಳಗೇ ಇದೆ, ತೆರಿಗೆಯೇ ಇಲ್ಲ ಅನ್ನಿಸುತ್ತದೆ. ಅದು ತಪ್ಪು ಲೆಕ್ಕ. ಡಿಡಕ್ಷನ್ ವರ್ಷಕ್ಕೆ ಒಂದೇ ಸಲ.

ಸರಿಯಾದ ಲೆಕ್ಕ: ಒಟ್ಟು ಸಂಬಳ 8,40,000ದಲ್ಲಿ 75,000 ಕಳೆದು ಬಡ್ಡಿ ಕೂಡಿದರೆ 7,69,000. ಹೊಸ ಪದ್ಧತಿಯಲ್ಲಿ ಬಡ್ಡಿಗೆ 80ಟಿಟಿಎ ವಿನಾಯಿತಿ ಇಲ್ಲ. 3ರಿಂದ 7 ಲಕ್ಷಕ್ಕೆ ಶೇ 5ರಂತೆ 20,000, ಉಳಿದ 69,000ಕ್ಕೆ ಶೇ 10ರಂತೆ 6,900, ಒಟ್ಟು 26,900. ಶೇ 4ರ ಸೆಸ್ ಸೇರಿ 27,976. ಈ ಬಾಕಿ 10,000 ಮೀರಿರುವುದರಿಂದ, ಮುಂಗಡ ತೆರಿಗೆ ಕಟ್ಟದ್ದಕ್ಕೆ ಸೆಕ್ಷನ್ 234ಬಿ ಬಡ್ಡಿಯೂ ಬೀಳುತ್ತದೆ. ತಿಂಗಳಿಗೆ ಶೇ 1, ಏಪ್ರಿಲ್‌ನಿಂದ ಕಟ್ಟುವ ತಿಂಗಳವರೆಗೆ. ಆಗಸ್ಟ್‌ನಲ್ಲಿ ಕಟ್ಟಿದರೆ ಐದು ತಿಂಗಳಿಗೆ 1,395 ರೂಪಾಯಿ. ಸೆಕ್ಷನ್ 234ಸಿ ಬಡ್ಡಿ ಬೇರೆ, ಅದನ್ನು ಫಾರಂ ತೋರಿಸುತ್ತದೆ.

ಬಾಕಿಯನ್ನು ರಿಟರ್ನ್ ಸಲ್ಲಿಸುವ ಮೊದಲೇ e-Pay Tax ಮೂಲಕ ಕಟ್ಟಿ. ಚಲನ್‌ನಲ್ಲಿ ವರ್ಷ 2025-26 ಎಂದೇ ಇರಲಿ, ಬಗೆ Self-Assessment Tax (300) ಇರಲಿ. ವರ್ಷ ತಪ್ಪಾಗಿ 2026-27 ಆದರೆ ಕಟ್ಟಿದ ಹಣ ಮುಂದಿನ ವರ್ಷದ ಲೆಕ್ಕಕ್ಕೆ ಹೋಗಿ, ಈ ವರ್ಷ ಬಾಕಿಯೆಂದೇ ಕಾಣುತ್ತದೆ. ಚಲನ್‌ನ ಬಿಎಸ್‌ಆರ್ ಕೋಡ್, ದಿನಾಂಕ ಮತ್ತು ಕ್ರಮಸಂಖ್ಯೆ ರಿಟರ್ನ್‌ನಲ್ಲಿ ಬಂದಿವೆಯೇ ನೋಡಿ, ಇಲ್ಲದಿದ್ದರೆ ನೀವೇ ತುಂಬಿ.

ರೀಫಂಡ್ ಬರಬೇಕಾದವರು ಬ್ಯಾಂಕ್ ಖಾತೆಯನ್ನು ಪೋರ್ಟಲ್‌ನಲ್ಲಿ ಮುಂಚೆಯೇ ವ್ಯಾಲಿಡೇಟ್ ಮಾಡಿಸಿರಬೇಕು.

ಸಲ್ಲಿಸಿದ 30 ದಿನದೊಳಗೆ ಪರಿಶೀಲನೆ, ಅಂದರೆ ಇ-ವೆರಿಫೈ, ಮುಗಿಸಿ. ಆಧಾರ್ ಒಟಿಪಿ ಎಲ್ಲಕ್ಕಿಂತ ಸುಲಭ. ಆಧಾರ್‌ಗೆ ಜೋಡಿಸಿದ ಮೊಬೈಲ್ ಈಗ ಬಳಕೆಯಲ್ಲಿಲ್ಲದಿದ್ದರೆ ನೆಟ್ ಬ್ಯಾಂಕಿಂಗ್ ಬಳಸಿ, ಅಥವಾ ರಿಟರ್ನ್‌ನ ಸ್ವೀಕೃತಿ ಪತ್ರವಾದ ಐಟಿಆರ್-Vಗೆ ಸಹಿ ಮಾಡಿ ಅದನ್ನು ಸೆಂಟ್ರಲೈಸ್ಡ್ ಪ್ರೊಸೆಸಿಂಗ್ ಸೆಂಟರ್, ಬೆಂಗಳೂರು 560500 ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ. 30 ದಿನ ದಾಟಿ ಪರಿಶೀಲಿಸಿದರೆ ಪರಿಶೀಲಿಸಿದ ದಿನವೇ ಸಲ್ಲಿಸಿದ ದಿನವಾಗುತ್ತದೆ.

16 ಸೆಪ್ಟೆಂಬರ್ ತಪ್ಪಿದವರು ಸೆಕ್ಷನ್ 139(4)ರ ಅಡಿ 31 ಡಿಸೆಂಬರ್ 2025ರವರೆಗೆ ತಡವಾದ ರಿಟರ್ನ್ ಸಲ್ಲಿಸಬಹುದಿತ್ತು. ಆದರೆ ಸೆಕ್ಷನ್ 234ಎಫ್ ಶುಲ್ಕ 5,000 ರೂಪಾಯಿ, ಆದಾಯ 5 ಲಕ್ಷ ಮೀರದಿದ್ದರೆ 1,000. ಹಳೆಯ ಪದ್ಧತಿಯನ್ನು ಆರಿಸುವ ಅವಕಾಶವೂ ಹೋಗುತ್ತದೆ. ಸಮಯಕ್ಕೆ ಸಲ್ಲಿಸಿ ತಪ್ಪು ಕಂಡರೆ ಸೆಕ್ಷನ್ 139(5)ರ ಪರಿಷ್ಕೃತ ರಿಟರ್ನ್‌ಗೂ ಕಡೇ ದಿನ ಅದೇ 31 ಡಿಸೆಂಬರ್ 2025 ಆಗಿತ್ತು.