ಮಗಳ ಮದುವೆಯ ಹಿಂದಿನ ರಾತ್ರಿ ತಾಯಿಯ ಪ್ರಾರ್ಥನೆ

ದೇವರೇ, ಎಲ್ಲರೂ ಮಲಗಿದರು. ಈಗ ನಿನ್ನ ಹತ್ತಿರ ಮಾತಾಡೋಕೆ ಬಿಡುವಾಯಿತು. ಬೆಳಿಗ್ಗೆಯಿಂದ ನಿನ್ನ ಹೆಸರು ಎಷ್ಟು ಸಲ ಬಾಯಿಗೆ ಬಂತೋ ಗೊತ್ತಿಲ್ಲ. ಆದರೆ ಅದೆಲ್ಲ ಬೀಗದ ಕೈ ಕಾಣದೆ ಹೋದಾಗ, ಹಾಸಿಗೆಗಿಂತ ನೆಂಟರೇ ಜಾಸ್ತಿಯಾದಾಗ. ಅದನ್ನು ಪ್ರಾರ್ಥನೆ ಅಂತ ಲೆಕ್ಕಕ್ಕೆ ಹಿಡಿಯಬೇಡ.

ಇವಳು ತಿಂಗಳು ತುಂಬುವ ಮೊದಲೇ ಹುಟ್ಟಿದಳು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಕೈ ಚೆನ್ನಾಗಿ ತೊಳೆದುಕೊಂಡು, ಪಕ್ಕದ ಕಿಂಡಿಯಿಂದ ಒಳಗೆ ಹಾಕಿ ಮುಟ್ಟಬಹುದು ಅಂದರು. ನನ್ನ ಕಿರುಬೆರಳನ್ನು ಹಿಡಿದವಳು ಬಿಡಲೇ ಇಲ್ಲ. ಉಗುರು ಅಕ್ಕಿ ಕಾಳಿಗಿಂತ ಚಿಕ್ಕದಿತ್ತು. ಇವಳನ್ನು ಉಳಿಸಿಕೊಟ್ಟರೆ ಸಾಕು, ಇನ್ನೇನೂ ಕೇಳಲ್ಲ ಅಂತ ಅವತ್ತು ನಿನಗೆ ಹೇಳಿದ್ದೆ. ನೀನು ಉಳಿಸಿಕೊಟ್ಟೆ. ನಾನು ಆಮೇಲೆ ಜ್ವರ ಬಂದಾಗ ಕೇಳಿದೆ, ಪರೀಕ್ಷೆಗೆ ಕೇಳಿದೆ, ಕೆಲಸಕ್ಕೆ ಕೇಳಿದೆ. ಇವತ್ತೂ ಕೇಳೋಕೇ ಕೂತಿದ್ದೇನೆ. ತಾಯಂದಿರ ಮಾತು ಹೀಗೇ ಅಂತ ನಿನಗೆ ಗೊತ್ತಿಲ್ಲದ್ದಲ್ಲ.

ಅವರಿಬ್ಬರ ನಡುವೆ ಜಗಳವೇ ಬರದಿರಲಿ ಅಂತ ಕೇಳಲ್ಲ. ಜಗಳವೇ ಇಲ್ಲದ ಮನೆ ಅಂದರೆ ಅಲ್ಲಿ ಯಾರೋ ಒಬ್ಬರು ಬಾಯಿ ಕಟ್ಟಿಕೊಂಡು ಇದ್ದಾರೆ ಅಂತ. ಮಾತಿಗೆ ಮಾತು ಬೆಳೆಯಲಿ, ಪರವಾಗಿಲ್ಲ. ಕೈ ಮೇಲೇಳದಿರಲಿ. ಹೆತ್ತವರ ಹೆಸರು ಎಳೆದು ತರುವಷ್ಟು ಮಾತು ಹೋಗದಿರಲಿ. ಒಬ್ಬರು ತಪ್ಪಾಯ್ತು ಅಂದರೆ ಇನ್ನೊಬ್ಬರು ಅದನ್ನು ಹೊಟ್ಟೆಗೆ ಹಾಕಿಕೊಂಡು, ಮತ್ತೆ ಯಾವತ್ತೂ ಹೊರಗೆ ತೆಗೆಯದಿರಲಿ.

ಇವತ್ತು ಬಂದವರೆಲ್ಲ ಅವಳಿಗೆ ಹೊಂದಿಕೊಂಡು ಹೋಗು ಅಂತಲೇ ಹೇಳಿದರು. ಅವಳೂ ಎಲ್ಲರಿಗೂ ತಲೆ ಆಡಿಸಿದಳು. ಪ್ರೀತಿಯಿಂದಲೇ ಹೇಳಿದ್ದಾರೆ, ಅವರ ಮೇಲೆ ನನಗೇನೂ ಕೋಪವಿಲ್ಲ. ಆದರೆ ದೇವರೇ, ಆ ಮಾತಿನಲ್ಲಿ ಅರ್ಧ ಮಾತ್ರ ಅವಳ ತಲೆಯಲ್ಲಿ ಉಳಿಯಲಿ. ಎದ್ದೇಳುವ ಹೊತ್ತು, ಅಡುಗೆಯ ರುಚಿ, ಕಿಟಕಿ ತೆರೆದಿಡಬೇಕೋ ಮುಚ್ಚಬೇಕೋ, ಇಂಥದ್ದಕ್ಕೆಲ್ಲ ಹೊಂದಿಕೊಳ್ಳಲಿ. ತನಗೆ ಅನಿಸಿದ್ದನ್ನು ಹೇಳೋದನ್ನೇ ಬಿಟ್ಟು ಹೊಂದಿಕೊಳ್ಳೋದು ಬೇಡ. ಅವಳ ನಗು ಸ್ವಲ್ಪ ಜೋರು. ಅದನ್ನು ಯಾರೂ ತಗ್ಗಿಸದಿರಲಿ. ಅವಳ ಕೆಲಸ ಅವಳಿಗಿರಲಿ. ಅವಳ ಸಂಬಳ ಅವಳ ಕೈಗೇ ಬರಲಿ, ಖರ್ಚು ಮಾಡುವಾಗ ಇಬ್ಬರೂ ಕೂತು ಮಾತಾಡಲಿ.

ಇನ್ನೊಂದು ಗುಟ್ಟು. ಅವಳಿಗೆ ಸಿಟ್ಟು ಬಂದರೆ ಕೂಗಾಡುತ್ತಾಳೆ, ಅದಕ್ಕೆ ಹೆದರಬೇಕಾಗಿಲ್ಲ. ಮನಸ್ಸಿಗೆ ನೋವಾದರೆ ಮಾತ್ರ ಬೀರು ಜೋಡಿಸೋಕೆ ಕೂರುತ್ತಾಳೆ. ಬಟ್ಟೆಯನ್ನೆಲ್ಲ ಕೆಳಗೆ ಹಾಕಿ, ಒಂದೊಂದಾಗಿ ಮಡಚಿ, ಮಡಿಕೆಯ ಅಂಚನ್ನು ಬೆರಳಿನಲ್ಲಿ ಒತ್ತಿ ಒತ್ತಿ ಇಡುತ್ತಾಳೆ. ಏನಾಯ್ತು ಅಂದರೆ ಏನಿಲ್ಲಮ್ಮ ಅಂತಾಳೆ. ಪಕ್ಕದಲ್ಲಿ ಕೂತು, ಏನೂ ಕೇಳದೆ ನಾಲ್ಕು ಬಟ್ಟೆ ಮಡಚಿಕೊಟ್ಟರೆ ತಾನಾಗೇ ಹೇಳುತ್ತಾಳೆ. ಇದನ್ನು ಅಳಿಯನಿಗೆ ಹೇಳೋಣ ಅಂತ ಬಾಯಿ ತುದಿಗೆ ಬಂದಿತ್ತು, ಹೇಳಲಿಲ್ಲ. ಅವನೇ ಕಂಡುಕೊಳ್ಳಲಿ. ತಡವಾಗದಂತೆ ಮಾತ್ರ ನೀನು ನೋಡಿಕೋ.

ಅವನನ್ನೂ ಚೆನ್ನಾಗಿಡು. ಮೊದಲ ಸಲ ಅವರ ಮನೆಗೆ ಹೋದಾಗ ಅವನ ತಂದೆ ಯಾವುದೋ ಹಳೇ ಕಥೆ ಹೇಳುತ್ತಿದ್ದರು. ಮನೆಯವರೆಲ್ಲ ಅದನ್ನು ಸಾಕಷ್ಟು ಸಲ ಕೇಳಿದ್ದಾರೆ ಅಂತ ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಇವನು ಮಾತ್ರ ಹೊಸದಾಗಿ ಕೇಳುವವನ ಹಾಗೆ ಆಮೇಲೇನಾಯ್ತು ಅಪ್ಪ ಅಂದ. ಸಂಬಳ, ಓದು, ಎತ್ತರ ಎಲ್ಲಾ ಬೇರೆಯವರು ನೋಡಿದರು. ನಾನು ಒಪ್ಪಿದ್ದು ಅಲ್ಲಿ. ಆ ತಾಳ್ಮೆಯನ್ನು ಅವನಿಂದ ಯಾವತ್ತೂ ಕಿತ್ತುಕೊಳ್ಳಬೇಡ. ಅವನಿಗೂ ದಣಿವಾಗುತ್ತೆ, ಭಯವಾಗುತ್ತೆ. ಅದನ್ನು ಹೇಳಿಕೊಂಡಾಗ ನನ್ನ ಮಗಳು ಗೇಲಿ ಮಾಡದಿರಲಿ. ಅವಳ ನಾಲಿಗೆ ಚುರುಕು, ನನಗೆ ಗೊತ್ತು.

ಬೀಗಿತ್ತಿಯೂ ಈ ಹೊತ್ತಿನಲ್ಲಿ ಎದ್ದೇ ಇರಬಹುದು. ಮಗ ಇನ್ನು ಕೈಗೆ ಸಿಗುತ್ತಾನೋ ಇಲ್ಲವೋ ಅಂತ ಅವರೂ ನಿನ್ನ ಮುಂದೆ ಕೂತಿದ್ದರೆ, ಅವರ ಮಾತನ್ನು ಮೊದಲು ಕೇಳು. ಅವರ ಮನಸ್ಸು ಹಗುರಾದರೆ ನನ್ನ ಮಗಳ ದಿನವೂ ಹಗುರಾಗುತ್ತೆ. ಇದರಲ್ಲಿ ನನ್ನ ಸ್ವಾರ್ಥವೂ ಇದೆ, ಇಲ್ಲ ಅನ್ನಲ್ಲ.

ಇನ್ನು ಸ್ವಲ್ಪ ದಿನಕ್ಕೇ ಜನ ಮಗು ಯಾವಾಗ ಅಂತ ಶುರು ಮಾಡುತ್ತಾರೆ. ಅದು ಅವರಿಬ್ಬರ ಮಾತು. ಆ ಕೇಳುವವರ ಸಾಲಿನಲ್ಲಿ ನಾನು ನಿಲ್ಲದ ಹಾಗೆ ಮಾಡು.

ನಮ್ಮ ಮನೆಯವರನ್ನು ನೋಡು. ಸಂಜೆಯಿಂದ ಒಂದೇ ಪಟ್ಟಿಯನ್ನು ಮತ್ತೆ ಮತ್ತೆ ಓದುತ್ತಿದ್ದರು. ಓದೋಕೆ ಅದರಲ್ಲಿ ಏನೂ ಉಳಿದಿರಲಿಲ್ಲ. ಅಳೋದು ಅವರಿಗೆ ಬರಲ್ಲ, ಸುಮ್ನೆ ಎಲ್ಲರ ಮೇಲೂ ರೇಗುತ್ತಾರೆ. ನಾಳೆ ರೇಗಿದರೆ ಯಾರೂ ತಪ್ಪು ತಿಳಿಯದಿರಲಿ. ಮಗ ಅಕ್ಕನ ಕೋಣೆ ಇನ್ನು ನನಗೆ ಅಂತ ಕುಣಿದಾಡುತ್ತಿದ್ದಾನೆ. ಅವಳ ಮೇಜಿನ ಮೇಲಿನ ಒಂದು ಪೆನ್ನನ್ನೂ ಅವನು ಇನ್ನೂ ಮುಟ್ಟಿಲ್ಲ. ಅವನನ್ನು ಮುಂದಿನ ವಾರ ಒಂದು ಕಣ್ಣಿಟ್ಟು ನೋಡಿಕೋ.

ನನ್ನ ಅಮ್ಮ ಈಗ ನಿನ್ನ ಹತ್ತಿರವೇ ಇದ್ದಾಳೆ. ಮೊಮ್ಮಗಳ ಮದುವೆ ನೋಡಬೇಕು ಅಂತ ಆಸೆ ಇಟ್ಟುಕೊಂಡಿದ್ದವಳು. ನಾಳೆ ಅಂತ ಅವಳಿಗೆ ಹೇಳಿಬಿಡು. ಹುಡುಗ ಹೇಗೆ ಅಂತ ಕೇಳೇ ಕೇಳುತ್ತಾಳೆ, ಒಳ್ಳೆಯವನು ಅಂತ ಹೇಳು.

ನನಗಾಗಿ ಏನು ಕೇಳಲಿ? ಬೆಳಿಗ್ಗೆ, ಸಂಜೆ, ರಾತ್ರಿ ಅಂತ ಫೋನ್ ಮಾಡದಷ್ಟು ಬುದ್ಧಿ ಕೊಡು. ಅವಳೇ ಮಾಡಿದಾಗ ದನಿಯಲ್ಲಿ ವ್ಯತ್ಯಾಸವಿದ್ದರೆ ಗುರುತಿಸುವ ಕಿವಿ ಕೊಡು. ಸಣ್ಣದಕ್ಕೆಲ್ಲ ನಾನು ತಲೆ ಹಾಕದಿರಲಿ. ದೊಡ್ಡದೇ ಆಗಿ, ಅವಳು ಯಾವತ್ತಾದರೂ ಬಾಗಿಲಿಗೆ ಬಂದು ನಿಂತರೆ, ಜನ ಏನಂತಾರೆ ಅನ್ನೋ ಮಾತು ನನ್ನ ಬಾಯಿಂದ ಬರದಿರಲಿ. ಮೊದಲು ಒಳಗೆ ಕರೆದು, ಊಟ ಮಾಡಿಸಿ, ಆಮೇಲೆ ಕೇಳುವ ತಾಳ್ಮೆ ಕೊಡು. ದೇವರೇ, ಇವತ್ತು ಬೇಡಿದ್ದರಲ್ಲಿ ಒಂದೇ ಕೊಡೋಕೆ ಆಗೋದಾದರೆ ಇದನ್ನು ಕೊಡು. ಮದುವೆಯಾದ ಮೇಲೂ ಈ ಮನೆ ತನ್ನದೇ ಅನ್ನೋ ಧೈರ್ಯ ಅವಳಿಗಿದ್ದರೆ, ಮಿಕ್ಕಿದ್ದನ್ನು ಅವಳೇ ಸಂಭಾಳಿಸುತ್ತಾಳೆ.

ನಾಳೆಯ ವಿಷಯಕ್ಕೆ ಬರುತ್ತೇನೆ. ಮಳೆ ಬರೋದಾದರೆ ಎಲ್ಲರೂ ಒಳಗೆ ಸೇರಿದ ಮೇಲೆ ಬರಲಿ. ದೂರದಿಂದ ಬರುವವರು ಸುಖವಾಗಿ ಬಂದು ಸೇರಲಿ. ಯಾರೂ ಹಸಿದುಕೊಂಡು ಹೋಗದಿರಲಿ. ಅವಳಿಗೆ ಉಬ್ಬಸ ಇದೆ, ನಿನಗೆ ಗೊತ್ತಲ್ವಾ. ಧೂಳು, ಸೆಂಟು, ಅಷ್ಟೊಂದು ಜನ, ನಿದ್ದೆ ಬೇರೆ ಇಲ್ಲ. ನಾಳೆ ಒಂದು ದಿನ ಅವಳ ಉಸಿರು ಸಲೀಸಾಗಿ ಆಡಲಿ.

ಅವಳು ಹೊರಡುವ ಹೊತ್ತಿಗೆ ನನ್ನ ಬಾಯಿಗೆ ಬುದ್ಧಿಮಾತು ಬರದಿರಲಿ. ಹೇಳಬೇಕಾದ್ದನ್ನು ಇಷ್ಟು ವರ್ಷ ಹೇಳಿದ್ದೇನೆ, ಅವಳು ಕೇಳಬೇಕಾದಷ್ಟು ಕೇಳಿದ್ದಾಳೆ. ಇನ್ಹೇಲರ್ ಬ್ಯಾಗಿನ ಹೊರಗಿನ ಜೇಬಿನಲ್ಲಿದೆ ಅಂತ ಮಾತ್ರ ಹೇಳುತ್ತೇನೆ. ಅಷ್ಟು ಹೇಳಿ ಮುಗಿಸುವವರೆಗೆ ಅಳು ತಡೆದಿಡು. ಆಮೇಲೆ ಬಂದರೆ ಬರಲಿ.