ಹಾವು: ಸರಿಯೋ ತಪ್ಪೋ ಗುರುತಿಸಿ, ತಪ್ಪಿದ್ದರೆ ತಿದ್ದಿ ಬರೆಯಿರಿ

9ನೇ ತರಗತಿ, ವಿಜ್ಞಾನ. ಸಮಯ: 45 ನಿಮಿಷ

ಮಕ್ಕಳೇ, ಮುಂಗಾರು ಶುರುವಾಗಿದೆ. ಗದ್ದೆಯ ಬದುವಿನಲ್ಲಿ, ಸೌದೆ ಕೊಟ್ಟಿಗೆಯಲ್ಲಿ, ಕೆಲವೊಮ್ಮೆ ಮನೆಯ ಜಗಲಿಯಲ್ಲೇ ಹಾವು ಕಾಣಿಸುವ ಕಾಲ ಇದು. ಆದ್ದರಿಂದ ಪಠ್ಯದ ಕ್ರಮವನ್ನು ಒಂದು ವಾರ ಬದಿಗಿಟ್ಟು ಈ ಅಭ್ಯಾಸ ಹಾಳೆಯನ್ನು ಕೊಡುತ್ತಿದ್ದೇನೆ.

ಉತ್ತರಿಸುವ ಕ್ರಮ

ಪ್ರತಿ ಹೇಳಿಕೆಯ ಮುಂದೆ ‘ಸರಿ’ ಅಥವಾ ‘ತಪ್ಪು’ ಎಂದು ಬರೆಯಿರಿ. ಇದಕ್ಕೆ 1 ಅಂಕ. ಹೇಳಿಕೆ ತಪ್ಪಾಗಿದ್ದರೆ, ತಪ್ಪಿರುವ ಭಾಗಕ್ಕಷ್ಟೇ ಅಡಿಗೆರೆ ಎಳೆದು, ಇಡೀ ವಾಕ್ಯವನ್ನು ತಿದ್ದಿ ಬರೆಯಿರಿ. ಇದಕ್ಕೆ 2 ಅಂಕ. ಹೇಳಿಕೆಯ ಕೊನೆಗೆ ‘ಇಲ್ಲ’, ‘ಅಲ್ಲ’ ಎಂದು ಸೇರಿಸಿದರೆ ತಿದ್ದಿದಂತಾಗುವುದಿಲ್ಲ. ಹಾಗಾದರೆ ನಿಜ ಏನು ಎಂಬುದು ನಿಮ್ಮ ವಾಕ್ಯದಲ್ಲಿರಬೇಕು.

ಮಾದರಿ: ಕೇರೆಹಾವು ಬಾಲದಿಂದ ಚುಚ್ಚಿ ವಿಷ ಏರಿಸುತ್ತದೆ. (ತಪ್ಪು)
ಸಾಲದ ತಿದ್ದುಪಡಿ: ಕೇರೆಹಾವು ಬಾಲದಿಂದ ಚುಚ್ಚಿ ವಿಷ ಏರಿಸುವುದಿಲ್ಲ.
ಪೂರ್ಣ ತಿದ್ದುಪಡಿ: ಕೇರೆಹಾವಿಗೆ ವಿಷವೇ ಇಲ್ಲ, ಅದು ಇಲಿ, ಕಪ್ಪೆಗಳನ್ನು ಹಿಡಿದು ತಿನ್ನುತ್ತದೆ.

ಒಟ್ಟು ಅಂಕ ಎಷ್ಟೆಂದು ಈಗ ಹೇಳುವುದಿಲ್ಲ. ಹೇಳಿದರೆ ತಪ್ಪು ಹೇಳಿಕೆಗಳು ಎಷ್ಟಿವೆ ಎಂದು ನೀವು ಲೆಕ್ಕ ಹಾಕಿಬಿಡುತ್ತೀರಿ.

ಹಾವಿನ ಬದುಕು

1. ನಾಗರಹಾವಿನ ಸಹಜ ಆಹಾರಗಳಲ್ಲಿ ಹಾಲೂ ಒಂದು.
2. ಹಾವಿಗೆ ಹೊರಗಿವಿ ಇಲ್ಲ.
3. ಪುಂಗಿಯ ಇಂಪಾದ ನಾದ ಕೇಳಿ ನಾಗರಹಾವು ತಲೆದೂಗುತ್ತದೆ.
4. ಹಾವು ಮತ್ತೆ ಮತ್ತೆ ನಾಲಿಗೆ ಚಾಚುವುದು ವಾಸನೆ ಗ್ರಹಿಸುವುದಕ್ಕಾಗಿ.
5. ಎರಡು ಹಾವುಗಳು ಹೆಣೆದುಕೊಂಡು ಮೇಲೆದ್ದು ನಿಂತಿದ್ದರೆ, ಅದು ನಾಗರ ಮತ್ತು ಕೇರೆಯ ಮಿಲನ.
6. ಹೆಣ್ಣು ಕಾಳಿಂಗ ಸರ್ಪ ತರಗೆಲೆಗಳನ್ನು ಒಟ್ಟುಗೂಡಿಸಿ ಗೂಡು ಮಾಡಿ, ಅದರಲ್ಲಿ ಮೊಟ್ಟೆ ಇಡುತ್ತದೆ.
7. ಕಾಳಿಂಗ ಸರ್ಪದ ಮುಖ್ಯ ಆಹಾರ ಇಲಿ ಮತ್ತು ಹೆಗ್ಗಣ.
8. ಪಶ್ಚಿಮ ಘಟ್ಟದ ಕಾಳಿಂಗ ಸರ್ಪದ ಈಗಿನ ವೈಜ್ಞಾನಿಕ ಹೆಸರಿನಲ್ಲಿ ನಮ್ಮ ಕನ್ನಡದ ಪದವಿದೆ.
9. ಮೊಟ್ಟೆಯಿಂದ ಆಗತಾನೇ ಹೊರಬಂದ ನಾಗರಮರಿಗೆ ವಿಷ ಇರುವುದಿಲ್ಲ.

ಕಡಿತ ಮತ್ತು ಚಿಕಿತ್ಸೆ

10. ಕಟ್ಟುಹಾವು ಕಚ್ಚಿದರೆ ಆ ಜಾಗ ಕೂಡಲೇ ಊದಿಕೊಂಡು ವಿಪರೀತ ನೋಯುವುದರಿಂದ, ಕಡಿತ ಗೊತ್ತಾಗದೇ ಹೋಗುವುದಿಲ್ಲ.
11. ಕಚ್ಚಿದ ಜಾಗದ ಮೇಲ್ಭಾಗದಲ್ಲಿ ಹಗ್ಗ ಬಿಗಿದು ಕಟ್ಟಿ, ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕು.
12. ಕಚ್ಚಿದ ಹಾವನ್ನು ತಂದು ತೋರಿಸದಿದ್ದರೆ ವೈದ್ಯರು ಚಿಕಿತ್ಸೆ ಶುರು ಮಾಡಲಾರರು.
13. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷವನ್ನು ಕುದುರೆಗಳ ರಕ್ತದಿಂದ ತಯಾರಿಸುತ್ತಾರೆ.
14. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರಕರಣಗಳನ್ನು ಸರ್ಕಾರಿ ಆಸ್ಪತ್ರೆಗಳು ಮಾತ್ರ ವರದಿ ಮಾಡಬೇಕು.

ಉತ್ತರಗಳು (ಬರೆದು ಮುಗಿಸಿದ ಮೇಲೆ ಪಕ್ಕದವರೊಂದಿಗೆ ಹಾಳೆ ಬದಲಿಸಿಕೊಂಡು ತಿದ್ದಿರಿ)

1. ತಪ್ಪು. ನಾಗರಹಾವು ಇಲಿ, ಕಪ್ಪೆ, ಹಕ್ಕಿ, ಬೇರೆ ಹಾವುಗಳನ್ನು ತಿನ್ನುತ್ತದೆ. ಬಾಯಾರಿದಾಗ ನೀರು ಕುಡಿಯುತ್ತದೆ. ಹಾಲು ಸಸ್ತನಿಗಳ ಮರಿಗಳಿಗೆ ಆಹಾರ, ಹಾವು ಸರೀಸೃಪ. ದಿನಗಟ್ಟಲೆ ನೀರಿಲ್ಲದೆ ಬುಟ್ಟಿಯಲ್ಲಿಟ್ಟ ಹಾವು ಎದುರಿಗಿಟ್ಟ ಹಾಲಿಗೆ ಬಾಯಿ ಹಾಕಿದರೆ ಅದು ದಾಹದಿಂದ.

2. ಸರಿ. ಒಳಗಿವಿ ಇದೆ. ನೆಲದ ಕಂಪನ ಕೆಳದವಡೆಯ ಮೂಲಕ ಅದನ್ನು ತಲುಪುತ್ತದೆ. ‘ಹಾವು ಪೂರ್ತಿ ಕಿವುಡು’ ಎಂದು ಯಾರಾದರೂ ಬರೆದಿದ್ದರೆ ಅಂಕವಿಲ್ಲ.

3. ತಪ್ಪು. ನಾಗರಹಾವು ಹಿಂಬಾಲಿಸುವುದು ಪುಂಗಿಯ ಮತ್ತು ಊದುವವನ ಕೈಯ ಚಲನೆಯನ್ನು. ಅದು ಹೆಡೆ ಬಿಚ್ಚುವುದು ಬೆದರಿದಾಗ.

4. ಸರಿ. ನಾಲಿಗೆಗೆ ಅಂಟಿದ ವಾಸನೆಯ ಕಣಗಳು ಬಾಯಿಯ ಅಂಗಳದಲ್ಲಿರುವ ಒಂದು ಅಂಗವನ್ನು ಸೇರುತ್ತವೆ.

5. ತಪ್ಪು. ಹಾಗೆ ಹೆಣೆದುಕೊಂಡು ಏಳುವುದು ಸಾಮಾನ್ಯವಾಗಿ ಎರಡು ಗಂಡು ಕೇರೆಹಾವುಗಳ ಕಾದಾಟ. ನಾಗರ ಮತ್ತು ಕೇರೆ ಬೇರೆ ಬೇರೆ ಪ್ರಭೇದಗಳು, ಅವು ಕೂಡುವುದಿಲ್ಲ. ನಾಗರಹಾವು ಸಿಕ್ಕಿದರೆ ಕೇರೆಯನ್ನು ತಿಂದೇಬಿಡಬಹುದು.

6. ಸರಿ. ಹೀಗೆ ಗೂಡು ಕಟ್ಟುವ ಹಾವು ಇದೊಂದೇ.

7. ತಪ್ಪು. ಕಾಳಿಂಗ ಸರ್ಪದ ಮುಖ್ಯ ಆಹಾರ ಬೇರೆ ಹಾವುಗಳು. ನಮ್ಮ ಮನೆಗಳ ಹತ್ತಿರ ಅದು ಬರುವುದು ಬಹುಪಾಲು ಕೇರೆಯನ್ನೋ ನಾಗರವನ್ನೋ ಅಟ್ಟಿಸಿಕೊಂಡು.

8. ಸರಿ. ಬಹುಕಾಲ ಒಂದೇ ಪ್ರಭೇದವೆಂದು ಎಣಿಸಿದ್ದ ಕಾಳಿಂಗ ಸರ್ಪವನ್ನು 2024ರಲ್ಲಿ ವಿಜ್ಞಾನಿಗಳು ನಾಲ್ಕಾಗಿ ಬೇರ್ಪಡಿಸಿದರು. ಪಶ್ಚಿಮ ಘಟ್ಟದ್ದಕ್ಕೆ ‘ಓಫಿಯೋಫೇಗಸ್ ಕಾಳಿಂಗ’ ಎಂದು ಹೆಸರಿಟ್ಟರು. ನಮ್ಮ ಅಜ್ಜ ಅಜ್ಜಿಯರು ಕರೆಯುತ್ತಾ ಬಂದ ಹೆಸರು ಇಂದು ಜಗತ್ತಿನ ಎಲ್ಲ ಜೀವಶಾಸ್ತ್ರಜ್ಞರ ಬಾಯಲ್ಲಿದೆ. ಇದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

9. ತಪ್ಪು. ನಾಗರಮರಿಗೆ ಹುಟ್ಟಿದ ಕ್ಷಣದಿಂದಲೇ ವಿಷವೂ ಇರುತ್ತದೆ, ವಿಷದ ಹಲ್ಲೂ ಇರುತ್ತದೆ.

10. ತಪ್ಪು. ಕಟ್ಟುಹಾವು ಕಚ್ಚಿದ ಜಾಗದಲ್ಲಿ ನೋವು, ಊತ ಬಹಳ ಕಡಿಮೆ. ಎಷ್ಟೋ ಬಾರಿ ಗುರುತೂ ಕಾಣುವುದಿಲ್ಲ. ಈ ಉತ್ತರವನ್ನು ಎರಡು ಸಲ ಓದಿರಿ. ಕಟ್ಟುಹಾವು ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ, ಗಂಟಲು ಹಿಡಿದಂತಾಗುವುದು, ಕಣ್ಣರೆಪ್ಪೆ ಜೋತುಬೀಳುವುದು ಕಂಡರೆ ಅಜೀರ್ಣವೆಂದು ಕಷಾಯ ಕೊಟ್ಟು ಕಾಯಬಾರದು. ಇದರ ವಿಷ ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸುತ್ತದೆ. ಮಂಚದ ಮೇಲೆ ಮಲಗುವುದು, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸುವುದು ಒಳ್ಳೆಯ ರಕ್ಷಣೆ.

11. ತಪ್ಪು. ಏನನ್ನೂ ಬಿಗಿಯಾಗಿ ಕಟ್ಟದೆ, ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ನೋಡಿಕೊಂಡು ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕು. ಬಿಗಿದು ಕಟ್ಟಿದರೆ ರಕ್ತಸಂಚಾರ ನಿಂತು ಅಂಗವೇ ಕೊಳೆಯಬಹುದು. ಕೊಳಕುಮಂಡಲದ ವಿಷ ಮಾಂಸವನ್ನೇ ಹಾಳುಮಾಡುವುದರಿಂದ ಅಲ್ಲಿ ಈ ಅಪಾಯ ಇನ್ನೂ ಹೆಚ್ಚು. ಮುರಿದ ಮೂಳೆಗೆ ಮಾಡುವಂತೆ ಅಡಿಕೆ ದಬ್ಬೆಯ ಆಸರೆ ಕೊಟ್ಟು ಬಟ್ಟೆಯಿಂದ ಸಡಿಲವಾಗಿ ಸುತ್ತಿರಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಗಾಯ ಕೊಯ್ಯುವುದು, ಬಾಯಿಂದ ಹೀರುವುದು ಬೇಡವೇ ಬೇಡ. ರೋಗಿಯನ್ನು ನಡೆಸಬೇಡಿ, 108ಕ್ಕೆ ಕರೆ ಮಾಡಿ. ‘ಕಟ್ಟಬಾರದು’ ಎಂದಷ್ಟೇ ಬರೆದವರಿಗೆ 1 ಅಂಕ, ಏನು ಮಾಡಬೇಕೆಂದೂ ಬರೆದವರಿಗೆ 2.

12. ತಪ್ಪು. ವೈದ್ಯರು ಲಕ್ಷಣಗಳನ್ನು ನೋಡಿ ಚಿಕಿತ್ಸೆ ಕೊಡುತ್ತಾರೆ. ರೋಗಿಯ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲ ಜಾತಿಯ ಹಾವಿನ ವಿಷವೆಂಬ ಸೂಚನೆ. ಹಾವನ್ನು ಹಿಡಿಯಲು ಹೋದರೆ ಇನ್ನೊಬ್ಬರಿಗೂ ಕಚ್ಚೀತು.

13. ಸರಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಬೆಳೆಯುವ ಪ್ರತಿಕಾಯಗಳನ್ನು ಬೇರ್ಪಡಿಸಿ ಶುದ್ಧ ಮಾಡುತ್ತಾರೆ.

14. ತಪ್ಪು. ಸರ್ಕಾರಿ ಆಸ್ಪತ್ರೆಗಳಂತೆ ಖಾಸಗಿ ಆಸ್ಪತ್ರೆಗಳೂ ವರದಿ ಮಾಡಬೇಕು. ಈ ಹೇಳಿಕೆಯಲ್ಲಿ ‘ಸರ್ಕಾರಿ’, ‘ಮಾತ್ರ’ ಎಂಬ ಪದಗಳಿಗಷ್ಟೇ ಅಡಿಗೆರೆ ಬರಬೇಕು. ವರ್ಷವೂ ರಾಜ್ಯವೂ ಸರಿಯಾಗಿವೆ.

ಒಟ್ಟು 32 ಅಂಕ.

ಮನೆಗೆಲಸ: 10 ಮತ್ತು 11ನೇ ಹೇಳಿಕೆಗಳನ್ನು ತಿದ್ದದೆ, ಹಾಗೆಯೇ ಮನೆಯ ಹಿರಿಯರಿಗೆ ಓದಿ ಹೇಳಿ, ಸರಿಯೋ ತಪ್ಪೋ ಎಂದು ಕೇಳಿರಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಆಮೇಲೆ ನೀವು ತಿದ್ದಿದ ವಾಕ್ಯಗಳನ್ನು ಅವರಿಗೆ ಓದಿ ತೋರಿಸಿ, ಸೋಮವಾರ ಎರಡನ್ನೂ ತರಗತಿಗೆ ತನ್ನಿ.